ಸೊಂಟದ ಕೃತಕ ಕೀಲು: ಸವೆತಕ್ಕೂ ಕೀಲು ತಪ್ಪುವುದಕ್ಕೂ ಇರುವ ನಂಟು

ಮುಂಬೈಯಲ್ಲಿ ಮೂಳೆ ಮತ್ತು ಕೀಲುಗಳ ಶಸ್ತ್ರಚಿಕಿತ್ಸೆ ಮಾಡುವವನಾಗಿ, ಡೊಂಬಿವಲಿ, ಮಾಟುಂಗಾ, ಭಾಂಡೂಪ್ ಕಡೆಯ ನಮ್ಮ ಕನ್ನಡಿಗರಿಗೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಹತ್ತು ಹದಿನೈದು ವರ್ಷಗಳ ಹಿಂದೆ ಹಿಪ್ ರೀಪ್ಲೇಸ್‌ಮೆಂಟ್ ಮಾಡಿಸಿಕೊಂಡವರು ನೋವಿಲ್ಲ ಎಂಬ ಒಂದೇ ಕಾರಣಕ್ಕೆ ಎಕ್ಸ್‌ರೇ ನಿಲ್ಲಿಸಿಬಿಡುತ್ತಾರೆ. ಆದರೆ ಕೃತಕ ಕೀಲಿನ ಸುತ್ತ ಮೂಳೆ ಕರಗುವಾಗ ಬಹುಕಾಲ ನೋವು ಬರುವುದೇ ಇಲ್ಲ. ಕಪ್ ಸಡಿಲವಾದ ಮೇಲೋ ಮೂಳೆ ಮುರಿದ ಮೇಲೋ ನೋವು ಬರುತ್ತದೆ, ಅಷ್ಟು ಹೊತ್ತಿಗೆ ಸರಿಪಡಿಸುವ ಕೆಲಸ ಬಹಳ ದೊಡ್ಡದಾಗಿರುತ್ತದೆ.

ಈ ಕೀಲಿನಲ್ಲಿ ತೊಡೆಮೂಳೆಯೊಳಗೆ ಇಳಿಸಿದ ಸ್ಟೆಮ್, ಅದರ ತುದಿಯಲ್ಲಿ ಲೋಹದ ಅಥವಾ ಸೆರಾಮಿಕ್‌ನ ಬಾಲ್, ಸೊಂಟದ ಮೂಳೆಯಲ್ಲಿ ಕೂರಿಸಿದ ಲೋಹದ ಕಪ್, ಕಪ್ಪಿನೊಳಗೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಒಳಪದರವಾದ ಲೈನರ್ ಇರುತ್ತವೆ. ಬಾಲ್ ಉಜ್ಜಿ ಉಜ್ಜಿ ಲೈನರ್ ಸವೆಯುತ್ತದೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಕಪ್ ಬಳಸಿ, ಅದು ಕೆಲವೇ ವರ್ಷಗಳಲ್ಲಿ ಸವೆದುಹೋದುದನ್ನು ಕಂಡು, 1962ರಲ್ಲಿ ಪಾಲಿಎಥಿಲೀನ್‌ಗೆ ಬಂದರು. ಅವರು ಬಾಲನ್ನು ಸುಮಾರು 22 ಮಿಲಿಮೀಟರಿನಷ್ಟು ಚಿಕ್ಕದಾಗಿ ಇಟ್ಟದ್ದಕ್ಕೆ ಕಾರಣವಿತ್ತು. ಉದುರುವ ಪುಡಿಯ ಪ್ರಮಾಣವನ್ನು ಬಾಲಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಅದು ಲೈನರಿನೊಳಗೆ ಹೊಕ್ಕ ಆಳದಿಂದ ಗುಣಿಸಿ ಅಂದಾಜು ಮಾಡುತ್ತಾರೆ. ವರ್ಷಕ್ಕೆ 0.1 ಮಿಲಿಮೀಟರ್ ಸವೆತವೆಂದು ಹಿಡಿದರೆ 22ರ ಬಾಲಿನಿಂದ ಸುಮಾರು 38 ಘನ ಮಿಲಿಮೀಟರ್ ಪುಡಿ ಉದುರುತ್ತದೆ, 36ರ ಬಾಲಿನಿಂದ 100ಕ್ಕಿಂತ ಹೆಚ್ಚು.

ಆ ಪುಡಿಯ ಬಹುಪಾಲು ಕಣಗಳು ಒಂದು ಮೈಕ್ರಾನಿಗಿಂತಲೂ ಸಣ್ಣವು. ಮ್ಯಾಕ್ರೋಫೇಜ್ ಎಂಬ ರಕ್ಷಕ ಜೀವಕೋಶಗಳು ಅವನ್ನು ನುಂಗುತ್ತವೆ, ಆದರೆ ಜೀರ್ಣಿಸಲಾರವು. ಆಗ ಅವು ಹೊರಬಿಡುವ ರಾಸಾಯನಿಕ ಸಂಕೇತಗಳಿಂದ ಮೂಳೆ ತಿನ್ನುವ ಜೀವಕೋಶಗಳು ಚುರುಕಾಗಿ, ಕಪ್ಪಿನ ಹಿಂದೆ ಮೂಳೆ ಕರಗಿ ಪೊಳ್ಳಾಗುತ್ತದೆ. ಆಸ್ಟಿಯೋಲಿಸಿಸ್ ಎಂದರೆ ಇದೇ. ಒಂದು ಕಾಲದಲ್ಲಿ ಇದನ್ನು, ಕೀಲನ್ನು ಮೂಳೆಗೆ ಹಿಡಿದಿಡಲು ಬಳಸುವ ಸಿಮೆಂಟಿನ ಕಾಯಿಲೆ ಎಂದೇ ಭಾವಿಸಿದ್ದರು. ಸಿಮೆಂಟ್ ಇಲ್ಲದ ಕೀಲುಗಳಲ್ಲೂ ಕಾಣಿಸಿಕೊಂಡಾಗ ಸವೆತದ ಕಣಗಳ ಪಾತ್ರ ಸ್ಪಷ್ಟವಾಯಿತು.

ಪುಡಿಯ ದೃಷ್ಟಿಯಿಂದ ಚಿಕ್ಕ ಬಾಲ್ ಒಳ್ಳೆಯದು, ಆದರೆ ಕೀಲು ತಪ್ಪುವ ದೃಷ್ಟಿಯಿಂದ ಅಲ್ಲ. ದೊಡ್ಡ ಬಾಲ್ ಕಪ್ಪಿನಿಂದ ಹೊರಬೀಳಬೇಕಾದರೆ ಹೆಚ್ಚು ದೂರ ಸರಿಯಬೇಕಾಗುತ್ತದೆ, ಸ್ಟೆಮ್ಮಿನ ಕತ್ತು ಕಪ್ಪಿನ ಅಂಚಿಗೆ ತಗಲುವುದೂ ತಡವಾಗುತ್ತದೆ. ಹಿಂಬದಿಯಿಂದ ಮಾಡುವ ಆಪರೇಷನ್ನಿನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಪಿರಿಫಾರ್ಮಿಸ್ ಮತ್ತು ಅದರ ಪಕ್ಕದ ಸಣ್ಣ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಕೀಲಿನ ಹಿಂದಿನ ಪೊರೆಯನ್ನು ತೆರೆದು ಒಳಹೋಗುವುದರಿಂದ, ಹಿಂದಕ್ಕೆ ಜಾರದಂತೆ ಬಾಲನ್ನು ತಡೆಯುವ ಗೋಡೆಯನ್ನೇ ನಾವು ತೆರೆದಂತಾಗುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ನೂರರಲ್ಲಿ ನಾಲ್ಕೈದು ಜನರಿಗೆ ಕೀಲು ತಪ್ಪುತ್ತಿತ್ತು. ತೊಡೆಮೂಳೆಯ ಮೇಲ್ಭಾಗದಲ್ಲಿ ರಂಧ್ರ ಕೊರೆದು ಪೊರೆಯನ್ನೂ ಸ್ನಾಯುಗಳನ್ನೂ ಗಟ್ಟಿ ದಾರದಿಂದ ಮತ್ತೆ ಕಟ್ಟಿದರೆ ಅದು ಒಂದರ ಆಸುಪಾಸಿಗೆ ಇಳಿಯುತ್ತದೆಂದು ಪ್ರಕಟಿತ ಅಧ್ಯಯನಗಳು ತೋರಿಸಿವೆ. ಹತ್ತು ನಿಮಿಷದ ಈ ಹೊಲಿಗೆಯನ್ನು ಬಿಡುವುದಕ್ಕೆ ಯಾವ ನೆಪವೂ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸವೆತ ಮತ್ತು ಕೀಲು ತಪ್ಪುವುದನ್ನು ಬೇರೆ ಬೇರೆ ತೊಂದರೆಗಳೆಂದು ತಿಳಿಯುವುದು ಎಷ್ಟು ತಪ್ಪು ಎಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಹೋಟೆಲ್ ನಡೆಸುವ ಹಿರಿಯರೊಬ್ಬರಿಗೆ ರಕ್ತಸಂಚಾರ ನಿಂತು ತೊಡೆಮೂಳೆಯ ತಲೆ ಕುಸಿದಿದ್ದರಿಂದ ಬೇರೊಂದು ಆಸ್ಪತ್ರೆಯಲ್ಲಿ ಹಿಂಬದಿಯಿಂದ ಕೀಲು ಬದಲಿಸಿದ್ದರು. 28ರ ಲೋಹದ ಬಾಲ್, ಹಳೆಯ ಬಗೆಯ ಪಾಲಿಎಥಿಲೀನ್ ಲೈನರ್. ಹದಿನೇಳು ವರ್ಷ ಏನೂ ತೊಂದರೆಯಿರಲಿಲ್ಲ. ಒಂದು ದಿನ ಗಿಡ್ಡ ಸ್ಟೂಲಿನ ಮೇಲೆ ಕುಳಿತು, ಮೊಣಕಾಲು ಒಳಕ್ಕೆ ತಿರುಗಿದ್ದಾಗಲೇ ಬಗ್ಗಿ ಕೆಳಗಿದ್ದ ಪಾತ್ರೆ ಎತ್ತಲು ಹೋದಾಗ ಕೀಲು ಹಿಂದಕ್ಕೆ ತಪ್ಪಿತು. ಮಂಪರು ಕೊಟ್ಟು ಎಳೆದು ಕೂರಿಸಿದ ಮೇಲೆ ಅವರು, “ಡಾಕ್ಟ್ರೇ, ಕೂತದ್ದೇ ತಪ್ಪಾಯ್ತು, ಇನ್ನು ಜಾಗ್ರತೆ ಮಾಡ್ತೇನೆ, ಮನೆಗೆ ಹೋಗ್ಲಾ?” ಎಂದು ಕೇಳಿದರು.

ಅಷ್ಟು ವರ್ಷ ತಪ್ಪದ ಕೀಲು ಮೊದಲ ಬಾರಿಗೆ ತಪ್ಪಿದಾಗ ಕಾರಣವನ್ನು ಕುಳಿತ ಭಂಗಿಯಲ್ಲಿ ಮಾತ್ರ ಹುಡುಕಬಾರದು. ಎಕ್ಸ್‌ರೇಯಲ್ಲಿ ಬಾಲ್ ಕಪ್ಪಿನ ನಡುವೆ ಇರದೆ ಮೇಲಕ್ಕೆ ಸರಿದಿತ್ತು. ಪುಣ್ಯಕ್ಕೆ ಮನೆಯವರು ಹಳೆಯ ಫಿಲ್ಮುಗಳನ್ನು ಇಟ್ಟುಕೊಂಡಿದ್ದರು. ಮೊದಲ ಒಂದೆರಡು ವರ್ಷ ಲೈನರ್ ಒತ್ತಡಕ್ಕೆ ಅದುಮಿಕೊಂಡು ಕೂರುವುದರಿಂದ ಅದನ್ನು ಸವೆತವೆಂದು ಲೆಕ್ಕಿಸಬಾರದು, ಆದ್ದರಿಂದ ಎರಡನೇ ವರ್ಷದ ಫಿಲ್ಮಿನೊಂದಿಗೆ ಹೋಲಿಸಿದೆವು. ವ್ಯತ್ಯಾಸ 2.5 ಮಿಲಿಮೀಟರ್. 28ರ ಬಾಲಿಗೆ ಇದನ್ನು ಗುಣಿಸಿದರೆ ಸುಮಾರು 1,540 ಘನ ಮಿಲಿಮೀಟರ್, ಅಂದರೆ ಟೀ ಚಮಚದ ಮೂರನೇ ಒಂದು ಭಾಗದಷ್ಟು ಪ್ಲಾಸ್ಟಿಕ್ ಪುಡಿ. ವರ್ಷಕ್ಕೆ ಬರುವ ಸವೆತ ಸುಮಾರು 0.17 ಮಿಲಿಮೀಟರ್. 0.1ರ ಮೇಲೆ ಹೋದರೆ ಮೂಳೆ ಕರಗುವ ಸಂಭವ ಏರುತ್ತದೆ, 0.05ರ ಕೆಳಗೆ ಅದು ತೀರಾ ವಿರಳ. ಕಪ್ಪಿನ ಸ್ಕ್ರೂ ರಂಧ್ರಗಳ ಹಿಂದೆ ಎಕ್ಸ್‌ರೇ ಒಂದು ಸಣ್ಣ ಕಪ್ಪು ಕುಳಿಯನ್ನು ತೋರಿಸಿದರೆ, ಸಿಟಿ ಸ್ಕ್ಯಾನ್ ಅದಕ್ಕಿಂತ ಬಹಳ ದೊಡ್ಡ ಪೊಳ್ಳನ್ನು ತೋರಿಸಿತು. ಬಾಲ್ ಮೇಲೆ ಸರಿದಷ್ಟೂ ಸುತ್ತಲಿನ ಬಿಗಿ ಕಡಿಮೆಯಾಗುತ್ತದೆ, ಕಣಗಳ ಕಿರಿಕಿರಿಯಿಂದ ನೀರು ತುಂಬಿ ಪೊರೆ ಹಿಗ್ಗುತ್ತದೆ. ಅಲ್ಲಿಯವರೆಗೆ ನಿರಪಾಯವಾಗಿದ್ದ ಭಂಗಿ ಆ ದಿನ ಅಪಾಯದ್ದಾದುದು ಹೀಗೆ.

ರಕ್ತಪರೀಕ್ಷೆ ಮಾಡಿ, ಕೀಲಿನ ನೀರು ತೆಗೆದು ನೋಡಿ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡೆವು. ಕಪ್ ಸರಿಯಾದ ಕೋನದಲ್ಲಿ ಗಟ್ಟಿಯಾಗಿಯೇ ಇತ್ತು. ಹಾಗಾಗಿ ಕಪ್ಪನ್ನು ಕೀಳದೆ, ಸ್ಕ್ರೂ ರಂಧ್ರಗಳ ಮೂಲಕ ಪೊಳ್ಳನ್ನು ಕೆರೆದು ಮೂಳೆಚೂರು ತುಂಬಿ, ಕ್ರಾಸ್‌ಲಿಂಕ್ ಮಾಡಿದ ಹೊಸ ಲೈನರ್ ಹಾಕಿ, ಬಾಲನ್ನು 28ರಿಂದ 36ಕ್ಕೆ ಏರಿಸಿ, ಹಿಂದಿನ ಪೊರೆಯನ್ನು ಮೂಳೆಗೆ ಕಟ್ಟಿದೆವು. ಬರಿಯ ಲೈನರ್ ಬದಲಿಸಿದ ಮೇಲೆ ಕೀಲು ತಪ್ಪುವ ಭಯ ಮೊದಲ ಆಪರೇಷನ್ನಿಗಿಂತ ಹೆಚ್ಚು. ಅದಕ್ಕಾಗಿಯೇ ದೊಡ್ಡ ಬಾಲ್ ಬೇಕಾಗಿತ್ತು.

ಅದು ಸಾಧ್ಯವಾದದ್ದು 1990ರ ದಶಕದ ಕೊನೆಯಲ್ಲಿ ಬಂದ ಈ ಕ್ರಾಸ್‌ಲಿಂಕ್ ಪಾಲಿಎಥಿಲೀನ್‌ನಿಂದ. ಹೆಚ್ಚು ವಿಕಿರಣ ಹಾಯಿಸಿ ಅಣುಗಳ ಸರಪಳಿಗಳನ್ನು ಒಂದಕ್ಕೊಂದು ಬೆಸೆದಿರುವುದರಿಂದ ಇದು ಬಹಳ ನಿಧಾನವಾಗಿ ಸವೆಯುತ್ತದೆ. ವರ್ಷಕ್ಕೆ 0.02 ಮಿಲಿಮೀಟರ್ ಎಂದು ಹಿಡಿದರೆ 36ರ ಬಾಲಿನಿಂದಲೂ 20 ಘನ ಮಿಲಿಮೀಟರಿನಷ್ಟೇ ಪುಡಿ, ಚಾರ್ನ್ಲಿಯ ಚಿಕ್ಕ ಬಾಲಿಗಿಂತಲೂ ಕಡಿಮೆ. ಇದಕ್ಕೂ ಮಿತಿಯಿದೆ. ಬಾಲ್ ದೊಡ್ಡದಾದಷ್ಟೂ ಲೈನರ್ ತೆಳುವಾಗುತ್ತದೆ, ಬೆಸೆದ ಪ್ಲಾಸ್ಟಿಕ್ ಬಿರುಕಿಗೆ ಸ್ವಲ್ಪ ಬೇಗ ಮಣಿಯುತ್ತದೆ, ಚಿಕ್ಕ ಕಪ್ಪಿನಲ್ಲಿ 36 ಹಿಡಿಸುವುದೇ ಇಲ್ಲ. ಲೋಹಕ್ಕೆ ಲೋಹ ಉಜ್ಜುವ ಕೀಲುಗಳಲ್ಲಿ ದೊಡ್ಡ ಬಾಲಿನ ಆಸೆಗೆ ಹೋಗಿ ಏನಾಯಿತೆಂಬುದು 2010ರಲ್ಲಿ ಎಎಸ್ಆರ್ ಎಂಬ ಅಂಥ ಕೀಲನ್ನು, ಬಹಳ ಜನರಿಗೆ ಬೇಗನೆ ಮತ್ತೆ ಆಪರೇಷನ್ ಬೇಕಾದುದರಿಂದ, ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗಲೇ ಎಲ್ಲರಿಗೂ ತಿಳಿಯಿತು. ಸೆರಾಮಿಕ್ ಮೇಲೆ ಸೆರಾಮಿಕ್ ತೀರಾ ಕಡಿಮೆ ಸವೆಯುತ್ತದೆ, ಆದರೆ ಕೆಲವರಲ್ಲಿ ಕಿರುಗುಟ್ಟುತ್ತದೆ, ಅಪರೂಪಕ್ಕೆ ಒಡೆಯುತ್ತದೆ. ಅದನ್ನು ಜೀವಮಾನದ ಗ್ಯಾರಂಟಿ ಎಂದು ಹೇಳುವುದನ್ನು ನಾನು ಒಪ್ಪುವುದಿಲ್ಲ.

ಆ ಹಿರಿಯರಿಗೆ ಹೊಸ ಲೈನರ್ ಸಿಕ್ಕಿದ್ದು ಕಪ್ಪಿನ ಕಂಪನಿ, ಮಾದರಿ, ಅಳತೆ ಇರುವ ಸ್ಟಿಕರ್ ಅವರ ಫೈಲಿನಲ್ಲಿ ಇದ್ದುದರಿಂದ. ಅದಿಲ್ಲದಿದ್ದರೆ ಯಾವ ಲೈನರ್ ಹೊಂದುತ್ತದೆಂದು ತಿಳಿಯುವುದು ಕಷ್ಟ. ಹೊಂದುವ ಲೈನರ್ ಸಿಗದಿದ್ದರೆ ಬೇರೆ ಲೈನರನ್ನು ಸಿಮೆಂಟಿನಿಂದ ಅಂಟಿಸಬೇಕು, ಅದೂ ಆಗದಿದ್ದರೆ ಗಟ್ಟಿಯಾಗಿರುವ ಕಪ್ಪನ್ನೇ ಒಡೆದು ತೆಗೆಯಬೇಕು. ಡಿಸ್ಚಾರ್ಜ್ ಕಾರ್ಡಿನಲ್ಲಿ ಈ ಸ್ಟಿಕರ್ ಅಂಟಿಸಿಕೊಡದ ಆಸ್ಪತ್ರೆಗಳು ಇಂದಿಗೂ ಇವೆ ಎಂಬುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಕೇಳಿ ಪಡೆದುಕೊಳ್ಳಿ, ಅದರ ಫೋಟೋ ತೆಗೆದು ಮಕ್ಕಳ ಫೋನಿನಲ್ಲೂ ಇಡಿ. ಹಳೆಯ ಬಗೆಯ ಲೈನರ್ ಇರುವವರು ಹತ್ತು ವರ್ಷ ದಾಟಿದ ಮೇಲೆ ನೋವಿಲ್ಲದಿದ್ದರೂ ಒಂದೆರಡು ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ, ಹಿಂದಿನ ಫಿಲ್ಮುಗಳೊಂದಿಗೆ ಅದನ್ನು ತೋರಿಸಿ.