ಮಧ್ಯಪಾನದಿಂದ ಹಾಳಾದ ಮದ್ಯಮ ವರ್ಗ

ಎಂಟನೇ ಕ್ಲಾಸಿನ ಹುಡುಗನೊಬ್ಬನ ಪ್ರಬಂಧದ ಫೋಟೋ ಊರೆಲ್ಲಾ ಸುತ್ತಿ ನನ್ನ ಫೋನಿಗೂ ಬಂತು. ಹೆಸರು ಮುಚ್ಚಿದ್ರು, ಪುಣ್ಯಕ್ಕೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಪ್ರಭಂದ: ಮಧ್ಯಪಾನದ ದುಷ್ಪರಿಣಾಮಗಳು" ಅಂತ ಬರೆದು ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಬೇರೆ ಎಳೆದಿದಾನೆ. ಒಳಗೆ ಹೋದ್ರೆ, "ಮಧ್ಯಪಾನದಿಂದ ಮದ್ಯಮ ವರ್ಗದ ಕುಟುಂಬಗಳು ಬೀದಿಗೆ ಬಂದಿವೆ. ಕೆಲವರು ಮದ್ಯಾಹ್ನವೇ ಶುರು ಮಾಡುತ್ತಾರೆ. ಇದರಿಂದ ಮನೆಯ ದನವೆಲ್ಲಾ ಕರಗಿ ಹೋಗುತ್ತದೆ."

ಮದ್ಯ ಅಂದ್ರೆ ಮದ ಏರಿಸೋದು, ಅದಕ್ಕೆ ಅಲ್ಪಪ್ರಾಣ. ಮಧ್ಯ ಅಂದ್ರೆ ನಡು, ಅದಕ್ಕೆ ಮಹಾಪ್ರಾಣ. ಹುಡುಗ ಕುಡುಕನ ಲೋಟದಿಂದ ಹೆಂಡ ತೆಗೆದು ವರ್ಗಕ್ಕೂ ಹಗಲಿಗೂ ಸಮನಾಗಿ ಹಂಚಿದಾನೆ, ಕೊಟ್ಟಿಗೇಲಿದ್ದ ದನಗಳೂ ಕರಗಿದ್ವು. ಮೇಷ್ಟ್ರು ಅಷ್ಟಕ್ಕೂ ಕೆಂಪು ಸುತ್ತು ಹಾಕಿ, 10ಕ್ಕೆ 4 ಕೊಟ್ಟು, ಕೆಳಗೆ "ಶುದ್ದ ಬರಹ ಅಭ್ಯಾಸ ಮಾಡು" ಅಂತ ಬುದ್ಧಿ ಹೇಳಿದಾರೆ. ಆ "ಶುದ್ದ"ದ ಒತ್ತಿಗೆ ಮಾತ್ರ ಯಾರೂ ಸುತ್ತು ಹಾಕಿಲ್ಲ.

ಇಷ್ಟಾದ ಮೇಲೆ ಶುರುವಾಯ್ತು ನೋಡಿ ಕನ್ನಡಾಭಿಮಾನಿಗಳ ರಂಪ. "ಇಂಥಾ ವಿಧ್ಯಾರ್ತಿಗಳನ್ನು ತಯಾರು ಮಾಡುವ ಶಿಕ್ಷಣಕ್ಕೆ ದಿಕ್ಕಾರ" ಅಂದ್ರು ಒಬ್ರು. "ಕನ್ನಡಕ್ಕೆ ಭಾವಪೂರ್ಣ ಶ್ರದ್ದಾಂಜಲಿ" ಅಂದ್ರು ಇನ್ನೊಬ್ರು, ಕೈ ಮುಗಿಯೋ ಚಿತ್ರದ ಸಮೇತ. ಇವ್ರೇ ನವೆಂಬರ್ 1ಕ್ಕೆ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಹಾಕಿಸಿ "ಸಮಸ್ತ ಕನ್ನಡ ಭಾಂದವರಿಗೆ ಹಾರ್ಧಿಕ ಶುಭಾಶಯಗಳು" ಅನ್ನೋರು. ಹಾರ್ದಿಕ ಅನ್ನೋದು ಹೃದಯದಿಂದ ಬಂದಿದ್ದು ಕಣ್ರೀ, ಹೃದಯಕ್ಕೆ ಇಲ್ಲದ ಉಸಿರು ಶುಭಾಶಯಕ್ಕೆ ಎಲ್ಲಿಂದ ಬಂತು? ಫ್ಲೆಕ್ಸ್ ಅಂಗಡಿಯವನನ್ನ ಬೈದು ಪ್ರಯೋಜನ ಇಲ್ಲ, ನುಡಿ ಕೀಲಿಮಣೇಲಿ d ಒತ್ತಿದ್ರೆ ದ, ಶಿಫ್ಟ್ ಹಿಡಿದು ಒತ್ತಿದ್ರೆ ಧ, ಅಭಿಮಾನ ಜಾಸ್ತಿ ಆದಾಗ ಶಿಫ್ಟ್ ಮೇಲೆ ಬೆರಳು ತಾನಾಗೇ ಕೂರುತ್ತೆ.

ಹುಡುಗ ಯಾಕೆ ಹೀಗೆ ಬರೀತಾನೆ ಅಂತ ಯಾರೂ ಕೇಳ್ಲಿಲ್ಲ. ಅಚ್ಚಗನ್ನಡ ಮಾತುಗಳಲ್ಲಿ ಮಹಾಪ್ರಾಣ ಹೆಚ್ಚುಕಮ್ಮಿ ಇಲ್ವೇ ಇಲ್ಲ, ಅದೆಲ್ಲಾ ಸಂಸ್ಕೃತದಿಂದ ಬಂದ ಪದಗಳ ಜೊತೆ ಬಂದಿದ್ದು. ದಿನಾ ಮಾತಾಡುವಾಗ ನಮ್ಮಲ್ಲಿ ಬಹಳ ಜನ ದನ, ಧನ ಎರಡನ್ನೂ ಒಂದೇ ಥರ ಅಂತೀವಿ. ಮೇಷ್ಟ್ರು ಉಕ್ತಲೇಖನ ಕೊಡುವಾಗ ಮಾತ್ರ ಎದೆ ಉಬ್ಬಿಸಿ ಒತ್ತಿ ಹೇಳ್ತಾರೆ, ಅದೂ ಒತ್ತು ಬೇಕಾದ ಕಡೆ, ಬೇಡದ ಕಡೆ ಎಲ್ಲಾ ಕಡೆ. ಕಿವೀಲಿ ವ್ಯತ್ಯಾಸ ಕೇಳದ ಹುಡುಗ ಕಣ್ಣನ್ನ ನಂಬ್ತಾನೆ. ಕಣ್ಣಿಗೆ ಕಾಣೋದೇನು? ದ, ಬ, ಪ, ಡ ಇವುಗಳ ಹೊಟ್ಟೆ ಸೀಳಿದ್ರೆ ಧ, ಭ, ಫ, ಢ, ಅಷ್ಟೇ, ಒಂದು ಸಣ್ಣ ಗೀರು. ಅದೇ ಅಕ್ಷರ ಒತ್ತಾಗಿ ಕೆಳಗಿಳಿದ್ರೆ ಆ ಗೀರು ಪುಸ್ತಕದಲ್ಲೂ ಸರಿಯಾಗಿ ಕಾಣಲ್ಲ. ಪದದಲ್ಲಿ ಎಲ್ಲೋ ಒಂದು ಕಡೆ ಸೀಳಿರಬೇಕು ಅಂತ ಅವನಿಗೆ ನೆನಪಿದೆ, ಎಲ್ಲಿ ಅಂತ ಮರೆತಿದೆ.

ತಲೆಬರಹವನ್ನೇ ನೋಡಿ. "ಬಂಧ"ದಲ್ಲಿ ಸೀಳೋ ಅಕ್ಷರ ಎರಡು, ಹಾಗಾಗಿ ಬರೆಯೋ ದಾರಿ ನಾಲ್ಕು: ಬಂದ, ಬಂಧ, ಭಂದ, ಭಂಧ. ಮೊದಲನೇದು ಬಸ್ಸಿಳಿದು ಬಂದ ಅನ್ನೋ ಬಂದ, ಎರಡನೇದು ಕಟ್ಟು, ಉಳಿದೆರಡಕ್ಕೆ ಅರ್ಥವೇ ಇಲ್ಲ. ಸಂಸ್ಕೃತದಲ್ಲಿ ಒಂದೇ ಧಾತುವಿನೊಳಗೆ ಎರಡು ಮಹಾಪ್ರಾಣ ಸಾಮಾನ್ಯವಾಗಿ ಒಟ್ಟಿಗೆ ಬಾಳಲ್ಲ, ಮೊದಲನೇದು ಉಸಿರು ಬಿಟ್ಟುಕೊಡುತ್ತೆ. ಇದೊಂದನ್ನ ಹೇಳಿಕೊಟ್ಟಿದ್ರೆ ಪ್ರಬಂಧ, ಸಂಬಂಧ, ನಿಬಂಧನೆ, ಬಾಂಧವ ಎಲ್ಲಾ ಒಂದೇ ಏಟಿಗೆ ಸರಿಹೋಗೋದು: ಬ ತೆಪ್ಪಗಿರುತ್ತೆ, ಧ ಉಸಿರು ಬಿಡುತ್ತೆ. ಆದ್ರೆ ಪ್ರಭಾವ, ಪ್ರಭು, ಪ್ರಭೆ ನೋಡಿ ನೋಡಿ, ಪ್ರ ಆದ್ಮೇಲೆ ಭ ಬರ್ಬೇಕು ಅಂತ ಅವನ ಕೈಗೆ ಅಭ್ಯಾಸ ಆಗಿದೆ. ಹಾಗೇ ಅಧ್ಯಕ್ಷ, ಅಧ್ಯಾಯ ಬರೆದ ಕೈಗೆ ವಿದ್ಯೆ ಅನ್ನೋದು ವಿಧ್ಯೆ ಅಂತಲೇ ಬರುತ್ತೆ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣವೇ ಬೇಡ ಅಂದ್ರು, ತಮ್ಮ ಹೆಸರಿನ ಭಟ್ಟನ್ನೂ ಬಟ್ ಅಂತಲೇ ಬರೆದ್ರು. ಅದಕ್ಕೆ ಭಾಷೆ ಕೊಲೆ ಆಯ್ತು ಅಂತ ಕೂಗಿದವರಿಗೆ ಫ್ಲೆಕ್ಸಲ್ಲಿ ನಡೆಯೋ ಕೊಲೆ ಮಾತ್ರ ಕಾಣಲ್ಲ. ಹುಡುಗ ಬಟ್ಟರ ಪಕ್ಷಾನೂ ಅಲ್ಲ, ಪಂಡಿತರ ಪಕ್ಷಾನೂ ಅಲ್ಲ. "ಪ್ರಭಂದ"ದಲ್ಲಿ ಧ ಕಳೆದು ಭ ಸೇರಿಸಿದಾನೆ, "ವಿಧ್ಯಾರ್ತಿ" ಅಂದೋರು ಥ ಕಳೆದು ಧ ಸೇರಿಸಿದಾರೆ, ಒಂದು ಕಡೆ ಕಿತ್ತಿದ್ದನ್ನ ಇನ್ನೊಂದು ಕಡೆ ನೆಟ್ಟಿದಾರೆ, ಒಟ್ಟು ಮಹಾಪ್ರಾಣದ ಲೆಕ್ಕ ಸರಿಯಾಗೇ ಇದೆ. ಮೇಷ್ಟ್ರು ಮಾತ್ರ ಕಿತ್ತಿದ್ದಕ್ಕೆ ಅರ್ಧ, ನೆಟ್ಟಿದ್ದಕ್ಕೆ ಅರ್ಧ ಅಂತ ಒಂದೇ ಪದಕ್ಕೆ ಎರಡು ಸಲ ಮಾರ್ಕ್ಸ್ ಕಟ್ ಮಾಡಿದಾರೆ.