ಗುಮಾಸ್ತಿಕೆಯಿಂದ ಡೇಟಾ ಕೆಲಸಕ್ಕೆ: ಎಕ್ಸೆಲ್‌ಗಿಂತ ಮೊದಲು ಎಸ್‌ಕ್ಯೂಎಲ್ ಕಲಿಯಬೇಕಾ?

ಪರ: 260 ಕೆಜಿ ನೆಲ್ಲು ಎಲ್ಲಿ ಹೋಯಿತು?

*ಬರೆದವರು ಗಂಗಾವತಿ ಕಡೆಯ ರೈಸ್ ಮಿಲ್ ಒಂದರಲ್ಲಿ ಗುಮಾಸ್ತರಾಗಿದ್ದವರು*

ನನಗೆ ಎಕ್ಸೆಲ್ ಚೆನ್ನಾಗಿ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೈಗೆ ಸಿಗದ ದ್ರಾಕ್ಷಿ ಹುಳಿ ಅಂತೀರಿ. ವಿ-ಲುಕಪ್, ಪಿವೋಟ್, ಬಣ್ಣ ಬದಲಾಗುವ ಸೆಲ್ಲು, ಎಲ್ಲ ಗೊತ್ತಿತ್ತು. ಮಿಲ್ಲಿನಲ್ಲಿ ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಅಷ್ಟು ಗೊತ್ತಿದ್ದೇ ನಾನು ಸಿಕ್ಕಿಬಿದ್ದೆ.

ನವೆಂಬರ್ ಬಂತೆಂದರೆ ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯಿಂದ ನೆಲ್ಲಿನ ಲಾರಿಗಳು ಗೇಟಿನ ಮುಂದೆ ಸಾಲು ನಿಲ್ಲುತ್ತವೆ. ತುಂಬಿದ ಲಾರಿ ಒಮ್ಮೆ ಕಾಟಾ ಹತ್ತುತ್ತದೆ, ಚೀಲ ಇಳಿಸಿ ಖಾಲಿಯಾದ ಮೇಲೆ ಇನ್ನೊಮ್ಮೆ ಹತ್ತುತ್ತದೆ. ಎರಡರ ವ್ಯತ್ಯಾಸವೇ ನೆಟ್ ತೂಕ. ಅದು ಚೀಟಿಯಲ್ಲಿ ಬರುತ್ತದೆ. ಆಮೇಲೆ ದಲಾಲಿ ಅಂಗಡಿಯಿಂದ ಬಿಲ್ ಬರುತ್ತದೆ. ತಿಂಗಳ ಕೊನೆಗೆ ಬಿಲ್ಲಿನ ತೂಕಕ್ಕೂ ಕಾಟಾ ತೂಕಕ್ಕೂ ತಾಳೆ ಹಾಕುವುದು ನನ್ನ ಕೆಲಸ. ಕಾಟಾದಲ್ಲಿ ಕಡಿಮೆ ಬಂದಿದ್ದರೆ ಅಷ್ಟು ದುಡ್ಡು ಕಡಿತ.

ಬಿಲ್ಲಿನ ಮೇಲೆ ಕಾಟಾ ಚೀಟಿಯ ನಂಬರ್ ಬರೆಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ನಾನು ಲಾರಿ ನಂಬರನ್ನೂ ದಿನಾಂಕವನ್ನೂ ಅಂಟಿಸಿ ಒಂದು ಗುರುತು ಮಾಡಿಕೊಂಡಿದ್ದೆ. ಆ ಗುರುತು ಹುಡುಕಿ ಕಾಟಾ ಶೀಟಿನಿಂದ ತೂಕ ತರಲು ಈ ಸೂತ್ರ:

```
=VLOOKUP(A2&"|"&B2, Kata!$A:$D, 4, FALSE)
```

412 ಬಿಲ್ಲು. ಒಂದು ಎಳೆತ ಎಳೆದರೆ ಮುಗಿಯಿತು. ಸಿಗಲಿಲ್ಲ ಅನ್ನುವ `#N/A` ಒಂದೇ ಒಂದು ಇಲ್ಲ. ನಾನೇ ನನ್ನ ಬೆನ್ನು ತಟ್ಟಿಕೊಂಡು ಚಹಾಕ್ಕೆ ಹೋದೆ.

ನಾಲ್ಕು ದಿನ ಬಿಟ್ಟು ಕಾರಟಗಿಯ ದಲಾಲಿಯೊಬ್ಬರು ಬಂದರು. ಕೂರಲಿಲ್ಲ. ಎರಡು ಚೀಟಿ ಟೇಬಲ್ ಮೇಲೆ ಇಟ್ಟರು. "ಏನ್ ತಮ್ಮಾ, ನನ್ನ ನೆಲ್ಲು ದಾರ್ಯಾಗ ಹಾರಿ ಹೋತೇನು?" ಅಂದರು. 14ನೇ ತಾರೀಕು ಅವರ ಲಾರಿ ಎರಡು ಟ್ರಿಪ್ ಹೊಡೆದಿತ್ತು. ಬೆಳಿಗ್ಗೆ 15,980 ಕೆಜಿ, ಸಂಜೆ 16,240 ಕೆಜಿ. ಎರಡಕ್ಕೂ ಬೇರೆ ಬೇರೆ ಬಿಲ್. ವಿ-ಲುಕಪ್ ಮೇಲಿಂದ ಹುಡುಕುತ್ತಾ ಬಂದು ಮೊದಲು ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗುತ್ತದೆ. ಎರಡೂ ಬಿಲ್ಲಿಗೆ ಬೆಳಗಿನ 15,980 ಅನ್ನೇ ಕೊಟ್ಟಿತ್ತು. ಸಂಜೆಯ ಬಿಲ್ಲಿನಲ್ಲಿ 260 ಕೆಜಿ ಕಮ್ಮಿ ಕಂಡಿತು. 75 ಕೆಜಿ ಚೀಲಕ್ಕೆ 1,650 ರೂಪಾಯಿ ಲೆಕ್ಕದಲ್ಲಿ ನಾನು 5,720 ರೂಪಾಯಿ ಕಡಿದಿದ್ದೆ.

ಸಾವ್ಕಾರ್ರು ಏನೂ ಬೈಯಲಿಲ್ಲ. ದಲಾಲಿ ಕಡೆ ತಿರುಗಿ "ಹುಡುಗ ಹೊಸಬ" ಅಂದರು. ನಾನು ಸೇರಿ ಆಗಲೇ ಐದು ವರ್ಷ ಆಗಿತ್ತು. ಆ ಮಾತು ಇನ್ನೂ ಕಿವಿಯಲ್ಲಿದೆ.

ಅದೇ ಸಮಯದಲ್ಲಿ ನನ್ನ ಮಾವನ ಮಗ ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯುತ್ತಿದ್ದ. ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಅಂತ ಒಂದು ಸಾಫ್ಟ್‌ವೇರ್ ಹಾಕಿಕೊಟ್ಟ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎರಡೂ ಶೀಟನ್ನು ಸಿಎಸ್‌ವಿ ಮಾಡಿ ಅದರೊಳಗೆ ಎರಡು ಟೇಬಲ್ ಮಾಡಿಕೊಂಡೆ. ಎರಡನ್ನೂ ಜೋಡಿಸಲು ಅವನು ಬರೆಸಿದ ಜಾಯಿನ್ ಇದು:

```sql
SELECT b.bill_no, b.kg, k.slip_no, k.kg
FROM bill b
LEFT JOIN kata k
  ON k.lorry = b.lorry
 AND k.dina = b.dina;
```

ಬಿಲ್ಲು 412. ಉತ್ತರದಲ್ಲಿ ಬಂದ ಸಾಲು 434. ನನಗೆ ತಲೆ ಕೆಟ್ಟಿತು. ಅವನು ನಕ್ಕ. "22 ಹೆಚ್ಚು ಎಲ್ಲಿಂದ ಬಂತು, ಹುಡುಕು" ಅಂದ. ಹುಡುಕಲು ಬೇಕಾಗಿದ್ದು ಇಷ್ಟೇ:

```sql
SELECT lorry, dina, COUNT(*)
FROM kata
GROUP BY lorry, dina
HAVING COUNT(*) > 1;
```

ಹನ್ನೊಂದು ಸಾಲು ಬಂತು. ಒಂದೇ ದಿನ ಎರಡು ಸಲ ಕಾಟಾ ಹತ್ತಿದ ಲಾರಿಗಳು. ಪ್ರತಿಯೊಂದಕ್ಕೂ ಎರಡು ಬಿಲ್ಲು, ಎರಡು ಚೀಟಿ. ಜಾಯಿನ್ ಪ್ರತಿ ಬಿಲ್ಲಿಗೂ ಎರಡೂ ಚೀಟಿ ಜೋಡಿಸಿ ನಾಲ್ಕು ಸಾಲು ಮಾಡಿತ್ತು. ಲಾರಿಗೆ ಎರಡು ಸಾಲು ಹೆಚ್ಚು, ಹನ್ನೊಂದಕ್ಕೆ 22. ಅದರಲ್ಲಿ ಏಳಕ್ಕೆ ನಾನು ಸುಳ್ಳು ಕಡಿತ ಹಾಕಿದ್ದೆ. ಉಳಿದ ನಾಲ್ಕರಲ್ಲಿ ಎರಡನೇ ಟ್ರಿಪ್ ಹಗುರ ಇತ್ತು, ಹಾಗಾಗಿ ತಪ್ಪು ಕಾಣಿಸಿಯೇ ಇರಲಿಲ್ಲ. ಕೊನೆಗೆ ಚೀಟಿಗಳ ಕಟ್ಟು ಬಿಚ್ಚಿ ಕೂತು ಹನ್ನೊಂದನ್ನೂ ಸರಿ ಮಾಡಿದೆ.

ನನ್ನ ವಾದ ಇಷ್ಟೇ, ಬೇಕಿದ್ದರೆ ಹತ್ತು ಸಲ ಹೇಳುತ್ತೇನೆ. ಎಕ್ಸೆಲ್ ತಪ್ಪನ್ನು ಮುಚ್ಚಿಟ್ಟಿತು, ಎಸ್‌ಕ್ಯೂಎಲ್ ಬಿಚ್ಚಿ ತೋರಿಸಿತು. ವಿ-ಲುಕಪ್ಪಿಗೆ "ಒಂದು ಲಾರಿ, ಒಂದು ದಿನ, ಒಂದೇ ಚೀಟಿ" ಅಂತ ನಾನು ನಂಬಿದ್ದು ಸುಳ್ಳು ಎಂದು ಹೇಳುವ ದಾರಿಯೇ ಇಲ್ಲ. ಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಮಾಡುವಾಗಲೇ ಒಂದು ಪ್ರಶ್ನೆ ಎದುರಾಗುತ್ತದೆ: ಇಲ್ಲಿ ಒಂದು ಸಾಲು ಅಂದರೆ ಏನು? ಲಾರಿಯಾ, ಟ್ರಿಪ್ಪಾ, ಬಿಲ್ಲಾ? ಡೇಟಾ ಕೆಲಸದಲ್ಲಿ ದಿನವಿಡೀ ಕೇಳಿಕೊಳ್ಳುವ ಪ್ರಶ್ನೆ ಅದೇ. ಮೊದಲು ಎಕ್ಸೆಲ್ ಅನ್ನುವವರು ನೂರು ಶಾರ್ಟ್‌ಕಟ್ ಗಟ್ಟಿ ಮಾಡಿಸಿ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ಮಾಡಿಸಿ ಬಿಡುತ್ತಾರೆ. ಈ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ.

ಗುಮಾಸ್ತನಿಗೆ ಡೇಟಾಬೇಸ್ ಯಾರು ಕೊಡುತ್ತಾರೆ ಅಂತ ಕೇಳುತ್ತಾರೆ. ಅದೆಲ್ಲ ನೆಪ. ನಿಮ್ಮ ಕಾಟಾ ಪಟ್ಟಿಯೇ ಡೇಟಾಬೇಸು. ಎರಡು ಎಚ್ಚರ ಸಾಕು. ದಿನಾಂಕವನ್ನು `2023-11-14` ಹೀಗೆ ವರ್ಷ ಮೊದಲು ಬರೆದು ಒಳಗೆ ಹಾಕಿ, ಎಸ್‌ಕ್ಯೂಲೈಟ್ ದಿನಾಂಕವನ್ನು ಬರೀ ಅಕ್ಷರವಾಗಿ ನೋಡುವುದರಿಂದ, ಇಲ್ಲದಿದ್ದರೆ ತಾರೀಕಿನ ಸಾಲು ಹಿಂದುಮುಂದಾಗುತ್ತದೆ. ಲಾರಿ ನಂಬರಿನಲ್ಲಿ ಒಬ್ಬರು `KA 37` ಅಂತ ಜಾಗ ಬಿಟ್ಟು, ಇನ್ನೊಬ್ಬರು `KA37` ಅಂತ ಕೂಡಿಸಿ ಬರೆದಿರುತ್ತಾರೆ. `REPLACE(lorry, ' ', '')` ಹಾಕಿ ಎರಡನ್ನೂ ಒಂದೇ ಮಾಡಿಕೊಳ್ಳಿ. ಉಳಿದದ್ದು ಅಭ್ಯಾಸ.

ವಿರೋಧ: ಮೊದಲು ಎದುರಿಗಿರುವ ಶೀಟು

*ಬರೆದವರು ಬಳ್ಳಾರಿಯ ಸಾಗಣೆ ಕಚೇರಿಯೊಂದರಲ್ಲಿ ವರದಿ ವಿಭಾಗದಲ್ಲಿದ್ದಾರೆ*

ಎಕ್ಸೆಲ್ ಪರ ಬರೆಯಿರಿ ಅಂತ ನನಗೆ ಹೇಳಿದ್ದಾರೆ, ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನಾನು ಈಗ ದಿನದ ಅರ್ಧ ಹೊತ್ತು ಎಸ್‌ಕ್ಯೂಎಲ್‌ನಲ್ಲೇ ಇರುತ್ತೇನೆ. ಆದರೆ ಪ್ರಶ್ನೆ ಯಾವುದು ಮೊದಲು ಅನ್ನುವುದು ಅಲ್ವಾ?

ನೆಲ್ಲಿನ ಅಣ್ಣ ತಪ್ಪನ್ನೆಲ್ಲ ಎಕ್ಸೆಲ್ ತಲೆಗೆ ಕಟ್ಟಿದ್ದಾರೆ. ಕಾಟಾ ಶೀಟಿನ ಒಟ್ಟು ತೂಕವನ್ನೂ ವಿ-ಲುಕಪ್ ತಂದ ಕಾಲಂನ ಒಟ್ಟನ್ನೂ ಪಕ್ಕಪಕ್ಕ ಇಟ್ಟಿದ್ದರೆ ಎರಡೂ ಬೇರೆ ಬರುತ್ತಿತ್ತು. ಚಹಾಕ್ಕೆ ಹೋಗುವ ಮುಂಚೆಯೇ ಗೊತ್ತಾಗುತ್ತಿತ್ತು. ಇನ್ನು ಅವರು ಹೊಗಳಿದ ಆ 434 ಸಾಲು! ಸಾಲು ಎಣಿಸದೆ ನೇರ `SUM(k.kg)` ಹಾಕಿದ್ದರೆ ಅದೇ ಲಾರಿಯ 32,220 ಕೆಜಿ 64,440 ಆಗುತ್ತಿತ್ತು. ನನಗೆ ಆಗಿದೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು, ಒಂದು ದಿನದ ಅದಿರು ಸಾಗಣೆ ನಮ್ಮ ಎಲ್ಲ ಲಾರಿಗಳ ಶಕ್ತಿಗಿಂತ ಜಾಸ್ತಿ ಅಂತ ವರದಿ ಕಳಿಸಿದ್ದೆ. ಮ್ಯಾನೇಜರ್ ಫೋನಿನಲ್ಲಿ "ಹೊಸ ಲಾರಿ ಯಾವಾಗ ತಗೊಂಡ್ರಿ ಮೇಡಂ?" ಅಂತ ಕೇಳಿದರು. ಎಸ್‌ಕ್ಯೂಎಲ್ ಬಿಚ್ಚಿ ತೋರಿಸುತ್ತದಂತೆ. ನೋಡುವ ಕಣ್ಣಿದ್ದರೆ ತೋರಿಸುತ್ತದೆ.

ಎರಡು ಟ್ರಿಪ್ಪಿನ ಸಮಸ್ಯೆಗೆ ಎಕ್ಸೆಲ್‌ನಲ್ಲಿ ಬೇಕಾಗುವುದು ಒಂದು ಕಾಲಂ. A ಲಾರಿ, B ದಿನಾಂಕ ಅಂದುಕೊಳ್ಳಿ:

```
=COUNTIFS(A$2:A2,A2,B$2:B2,B2)
```

`$` ಮೇಲಿನ ತುದಿಯನ್ನು ಕಟ್ಟಿಹಾಕುತ್ತದೆ, ಕೆಳಗಿನ ತುದಿ ಇಳಿಯುತ್ತಾ ಹೋಗುತ್ತದೆ. ಹಾಗಾಗಿ ಆ ಲಾರಿ ಆ ದಿನ ಮೊದಲ ಸಲ ಬಂದಾಗ 1, ಎರಡನೇ ಸಲ 2 ಅಂತ ಬರುತ್ತದೆ. ಇದನ್ನು ಎರಡೂ ಶೀಟಿನಲ್ಲಿ ಮಾಡಿ ಗುರುತಿಗೆ ಸೇರಿಸಿದರೆ ಬೆಳಗಿನ ಚೀಟಿ ಬೆಳಗಿನ ಬಿಲ್ಲಿಗೆ, ಸಂಜೆಯದು ಸಂಜೆಗೆ. ಬಿಲ್ಲುಗಳು ಟ್ರಿಪ್ಪಿನ ಕ್ರಮದಲ್ಲೇ ಇರಬೇಕು, ಆ ಮಿತಿ ಇದೆ. ಕ್ರಮ ನಂಬುವಂತಿಲ್ಲ ಅಂದರೆ `SUMIFS` ಹಾಕಿ ಲಾರಿಯ ಇಡೀ ದಿನದ ಮೊತ್ತವನ್ನೇ ತಾಳೆ ನೋಡಿ. ಟ್ರಿಪ್ ನಂಬರ್ ಹಾಕುವ ಇದೇ ಕೆಲಸಕ್ಕೆ ಎಸ್‌ಕ್ಯೂಎಲ್‌ನಲ್ಲಿ ಸರಿಯಾದ ದಾರಿ `ROW_NUMBER()`. ಅದು ಬೇಸಿಕ್ ಪಾಠದಲ್ಲಿ ಬರುವಂಥದ್ದಲ್ಲ.

ಇನ್ನೊಂದು ಮಾತು. ನನ್ನ ಈಗಿನ ಕೆಲಸದ ಇಂಟರ್‌ವ್ಯೂನಲ್ಲಿ ಒಂದು ಲ್ಯಾಪ್‌ಟಾಪು, ಒಂದು ಎಕ್ಸೆಲ್ ಫೈಲು, 40 ನಿಮಿಷ ಕೊಟ್ಟರು. ಲಾರಿವಾರು ಮೊತ್ತ ಬೇಕಿತ್ತು. ಎರಡು ಶೀಟು ತಾಳೆಯಾಗುತ್ತಲೇ ಇರಲಿಲ್ಲ. ಒಂದರಲ್ಲಿ ದಿನಾಂಕ ಸೆಲ್ಲಿನ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಕೂತಿತ್ತು. ಎಡಕ್ಕೆ ಕೂತದ್ದು ಅಕ್ಷರ, ಬಲಕ್ಕೆ ಕೂತದ್ದು ನಿಜವಾದ ದಿನಾಂಕ. ಎಕ್ಸೆಲ್ ಒಳಗೆ ದಿನಾಂಕ ಒಂದು ಸಂಖ್ಯೆ. 14-11-2023 ಅಂದರೆ ಅದಕ್ಕೆ 45244. ಗುರುತು ಅಂಟಿಸಿದಾಗ ಒಂದು ಕಡೆ `|14-11-2023`, ಇನ್ನೊಂದು ಕಡೆ `|45244`. ಹೊಂದುವುದಾದರೂ ಹೇಗೆ? ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡಿಎಂವೈ ಆರಿಸಿ ಸರಿ ಮಾಡಿದೆ. ಪಕ್ಕದಲ್ಲಿ ಕೂತ ಹುಡುಗ ಚೆನ್ನಾಗಿ ಓದಿದವನು. "ಸರ್, ಡೇಟಾಬೇಸ್ ಎಲ್ಲಿದೆ?" ಅಂತ ಕೇಳಿ ಸುಮ್ನೆ ಕೂತಿದ್ದ.

ಕಣ್ಣೆದುರು ಕೊಳೆ ಡೇಟಾ ಕಂಡು, ಕೈಯಲ್ಲಿ ತೊಳೆದು ಅಭ್ಯಾಸ ಆದ ಮೇಲೆ ಎಸ್‌ಕ್ಯೂಎಲ್‌ಗೆ ಹೋದರೆ ಅಲ್ಲಿ ಖಾಲಿ ಉತ್ತರ ಬಂದಾಗ ಯಾಕೆ ಅಂತ ಊಹಿಸಬಹುದು. ನನಗೆ ಆದದ್ದು ಹಾಗೆ. ಲಕ್ಷಗಟ್ಟಲೆ ಸಾಲು ಬಂದಾಗ ಎಕ್ಸೆಲ್ ಉಸಿರು ಕಟ್ಟುತ್ತದೆ, 10,48,576 ಸಾಲು ದಾಟಿದರೆ ಶೀಟಿನಲ್ಲಿ ಜಾಗವೇ ಇಲ್ಲ, ಅದೆಲ್ಲ ಒಪ್ಪಿದೆ. ಆದರೆ ಗಂಗಾವತಿಯ ಮಿಲ್ಲಿನಲ್ಲಿ ಇದ್ದದ್ದು 412 ಬಿಲ್ಲು. ಅದನ್ನು ಸಾಫ್ಟ್‌ವೇರ್ ಹಾಕಿಸಿ, ಸಿಎಸ್‌ವಿ ಮಾಡಿ, ಜಾಯಿನ್ ಬರೆದು, ಆಮೇಲೂ ಅಣ್ಣ ಚೀಟಿಗಳ ಕಟ್ಟು ಬಿಚ್ಚಿ ಕೈಯಲ್ಲೇ ಸರಿ ಮಾಡಿದರಂತೆ. ಆ ಹನ್ನೊಂದು ಲಾರಿಯ ತಿದ್ದುಪಡಿಯನ್ನು ಸಾವ್ಕಾರ್ರಿಗೆ ಯಾವುದರಲ್ಲಿ ಕಳಿಸಿದರು ಅಂತ ಮಾತ್ರ ಅವರು ಬರೆದಿಲ್ಲ.