ಕಪಾಟಿನಲ್ಲಿ ಇದ್ದ ಗಂಗಾಧರ ಕಂಪ್ಯೂಟರಿನಲ್ಲಿ ಯಾಕೆ ಸಿಗಲಿಲ್ಲ: ಮೈಸೂರಿನ ಸಮ್ಮೇಳನದಲ್ಲಿ ಹೇಳಿದ ಮಾತು

ಶನಿವಾರ ಮೈಸೂರಿನಲ್ಲಿ ನಡೆದ ತಂತ್ರಾಂಶ ಸಮ್ಮೇಳನದಲ್ಲಿ ಮಾತಾಡಿ ಬಂದೆ. ನನ್ನ ವಿಷಯ ಕನ್ನಡ ಪಠ್ಯದ ಹುಡುಕಾಟ. ಬರಲಾಗದ ಗೆಳೆಯರು ಏನು ಹೇಳಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಈ ಬರಹ. ಸ್ಲೈಡ್‌ಗಳ ಲಿಂಕ್ ಮೊದಲ ಕಾಮೆಂಟ್‌ನಲ್ಲಿ ಹಾಕಿದ್ದೇನೆ.

ಮಾತು ಶುರು ಮಾಡಿದ್ದು ಒಂದು ಗ್ರಂಥಾಲಯದ ಕಥೆಯಿಂದ. ಅಲ್ಲಿನ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವ ಕೆಲಸದಲ್ಲಿ ನಾನೂ ಇದ್ದೆ. ಒಂದು ದಿನ ಗ್ರಂಥಪಾಲಕರು ಕರೆದು, "ಗಂಗಾಧರ ಅಂತ ಹುಡುಕಿದರೆ ಮೂರೇ ಪುಸ್ತಕ ತೋರಿಸ್ತಿದೆ, ಕಪಾಟಿನಲ್ಲಿ ಏಳು ಇವೆ ನೋಡಿ" ಅಂದರು. ಉಳಿದ ನಾಲ್ಕೂ ಪಟ್ಟಿಯಲ್ಲಿದ್ದವು. ಸ್ಕ್ರೋಲ್ ಮಾಡಿದರೆ ಕಣ್ಣಿಗೆ ಕಾಣುತ್ತಿದ್ದವು. ಹುಡುಕಿದರೆ ಮಾತ್ರ ಸಿಗುತ್ತಿರಲಿಲ್ಲ. ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಗಂಗಾಧರ, ಗ೦ಗಾಧರ. ನಿಮಗೆ ಏನಾದರೂ ವ್ಯತ್ಯಾಸ ಕಾಣ್ತಾ? ನನಗೂ ಕಾಣಲಿಲ್ಲ. ಅಕ್ಷರ ಎಣಿಸಿದರೂ ಲೆಕ್ಕ ಒಂದೇ ಬರುತ್ತದೆ. ಕೊನೆಗೆ ಒಂದೊಂದೇ ಅಕ್ಷರದ ಸಂಕೇತ ತೆಗೆದು ನೋಡಿದೆ.

```python
for c in "ಗ೦ಗಾಧರ":
    print(hex(ord(c)))
```

ಎರಡನೇ ಸಾಲಿನಲ್ಲಿ `0xc82` ಬರಬೇಕಿತ್ತು, ಅದು ಅನುಸ್ವಾರ. ಬಂದದ್ದು `0xce6`. ಅದು ಕನ್ನಡದ ಅಂಕಿ ಸೊನ್ನೆ. ಅಂದರೆ ಆ ನಾಲ್ಕು ಪುಸ್ತಕಗಳ ಲೇಖಕರ ಹೆಸರಿನ ಮಧ್ಯೆ ಒಂದು ಸೊನ್ನೆ ಕೂತಿತ್ತು! ನಮಗೆ ಎರಡೂ ದುಂಡಗೆ ಒಂದೇ ತರಹ ಕಾಣುತ್ತವೆ, ಯಂತ್ರಕ್ಕೆ ಒಂದು ಅಕ್ಷರದ ಗುರುತು, ಇನ್ನೊಂದು ಅಂಕಿ. ಕೆಲವು ಫಾಂಟ್‌ಗಳಲ್ಲಿ ಸೊನ್ನೆ ಒಂಚೂರು ದೊಡ್ಡದಾಗಿರುತ್ತದೆ, ಆದರೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಇದರಲ್ಲಿ ಟೈಪ್ ಮಾಡಿದವರನ್ನು ಬೈಯುವುದು ತಪ್ಪು ಅಂತ ವೇದಿಕೆ ಮೇಲೂ ಹೇಳಿದೆ, ಇಲ್ಲೂ ಹೇಳ್ತೀನಿ. ಅವರು ಕಣ್ಣಿಗೆ ಸರಿ ಕಾಣುವುದನ್ನೇ ಬರೆದಿದ್ದಾರೆ. ಕಾಗದದ ಮೇಲೆ ಅಚ್ಚಾಗಿ ಬಂದರೆ ಸಾಕು ಅನ್ನುವ ಕಾಲದಲ್ಲಿ ಕೆಲಸ ಕಲಿತವರು ಎಷ್ಟೋ ಜನ. ಆಗ ಯಾವ ಸೊನ್ನೆಯಾದರೂ ನಡೆಯುತ್ತಿತ್ತು. ತಪ್ಪು ಇರುವುದು ಒಳಗೆ ಬರುವ ಪಠ್ಯವನ್ನು ಹಾಗೇ ತೆಗೆದು ತುಂಬಿಸಿಕೊಳ್ಳುವ ನಮ್ಮ ತಂತ್ರಾಂಶದಲ್ಲಿ. ಇಮೇಲ್ ವಿಳಾಸ ಬರೆಯುವ ಜಾಗದಲ್ಲಿ ಒಂದು ಚುಕ್ಕೆ ತಪ್ಪಿದರೆ ಕೆಂಪು ಗೆರೆ ಎಳೆಯುತ್ತೇವೆ, ಕನ್ನಡ ಹೆಸರಿನ ಮಧ್ಯೆ ಅಂಕಿ ಬಂದರೆ ಯಾಕೆ ಸುಮ್ಮನಿರಬೇಕು?

ಎರಡನೇ ವಿಷಯ ಸ್ವರಚಿಹ್ನೆಗಳದ್ದು. "ಕೋಲಾರ"ದ ಕೋ ಅನ್ನು ಕ ಮತ್ತು ಓತ್ವ, ಹೀಗೆ ಎರಡೇ ಸಂಕೇತದಲ್ಲಿ ಬರೆಯಬಹುದು. ಎತ್ವ, ಊತ್ವ, ದೀರ್ಘ ಎಲ್ಲವನ್ನೂ ಬಿಡಿಬಿಡಿಯಾಗಿ ಜೋಡಿಸಿ ನಾಲ್ಕು ಸಂಕೇತದಲ್ಲೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹಳೆಯ ಫಾಂಟ್‌ನಿಂದ ಯುನಿಕೋಡ್‌ಗೆ ಬದಲಾಯಿಸಿದ ಪಠ್ಯದಲ್ಲಿ ಇಂಥದ್ದು ನನಗೆ ಸಿಕ್ಕಿದೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಯುನಿಕೋಡ್‌ನಲ್ಲೇ NFC ಅನ್ನುವ ಏಕರೂಪದ ಕ್ರಮ ಇದೆ, ಅದು ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುತ್ತದೆ. ಆದರೆ ಸೊನ್ನೆಯನ್ನು NFC ಮುಟ್ಟುವುದಿಲ್ಲ, ಯಾಕಂದರೆ ಅದರ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ. "NFC ಹಾಕಿದ್ದೀವಿ, ಎಲ್ಲ ಸರಿಯಾಯ್ತು" ಅಂದುಕೊಂಡು ಕೂತರೆ ಗಂಗಾಧರ ಸಿಗುವುದೇ ಇಲ್ಲ. ಅದನ್ನು ನಾವೇ ಮಾಡಬೇಕು. ನಾನು ತೋರಿಸಿದ್ದು ಇಷ್ಟೇ:

```python
import re, unicodedata

def shuddha(s):
    s = unicodedata.normalize("NFC", s)
    return re.sub(r"(?<=[\u0C85-\u0CCC])\u0CE6", "\u0C82", s)
```

ಕನ್ನಡ ಅಕ್ಷರದ ಅಥವಾ ಸ್ವರಚಿಹ್ನೆಯ ಬೆನ್ನಿಗೇ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು ಅಂತ ಇದರ ಅರ್ಥ. ೧೦, ೨೦೦ ಮುಂತಾದವಕ್ಕೆ ತೊಂದರೆ ಇಲ್ಲ, ಅಲ್ಲಿ ಸೊನ್ನೆಯ ಹಿಂದೆ ಅಂಕಿ ಇರುತ್ತದೆ.

ಮಾತು ಮುಗಿದು ಪ್ರಶ್ನೆಗಳು ಶುರುವಾದ ಮೇಲೆ ಈ ಕೋಡ್ ಬಗ್ಗೆ ಮೂರನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಮೇಡಂ ಕೈ ಎತ್ತಿದರು. ಅವರು ಕಾಲೇಜೊಂದರ ಗ್ರಂಥಪಾಲಕಿ. "ಸರ್, ನಮ್ಮಲ್ಲಿ ಕಪಾಟಿನ ಸಂಖ್ಯೆ ಕ೦೪೫ ಅಂತ ಇರುತ್ತೆ. ನಿಮ್ಮ ಕೋಡ್ ಓಡಿಸಿದರೆ ಅದೇನಾಗುತ್ತೆ?" ಒಂದು ಕ್ಷಣ ಸಭೆಯೇ ಸುಮ್ಮನಾಯಿತು. ಅದು ಕಂ೪೫ ಆಗುತ್ತದೆ, ನೋಡಲು ಹಾಗೇ ಇರುತ್ತದೆ, ಸಂಖ್ಯೆಯಲ್ಲಿ ಹುಡುಕಿದರೆ ಮಾತ್ರ ಪುಸ್ತಕ ಮಾಯ! ಒಂದು ರೋಗ ವಾಸಿ ಮಾಡಲು ಹೋಗಿ ಅದೇ ರೋಗವನ್ನು ಇನ್ನೊಂದು ಕಡೆ ಅಂಟಿಸಿದ ಹಾಗೆ. ಆ ಇಡೀ ದಿನದಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ಅಲ್ಲೇ ನಿಂತು ಎಲ್ಲರೂ ಸೇರಿ ಸರಿಮಾಡಿದೆವು. ಸೊನ್ನೆಯ ಮುಂದೆ ಇನ್ನೊಂದು ಕನ್ನಡ ಅಂಕಿ ಇದ್ದರೆ ಬದಲಾಯಿಸಬೇಡ ಅನ್ನುವ ಷರತ್ತು ಸೇರಿಸಿದರೆ ಆಯಿತು:

```python
r"(?<=[\u0C85-\u0CCC])\u0CE6(?![\u0CE6-\u0CEF])"
```

ಬರೀ "ಕ೦" ಅಂತ ಸಂಖ್ಯೆ ಇದ್ದರೆ ಇದೂ ಸೋಲುತ್ತದೆ. ಹಾಗಾಗಿ ನನ್ನ ಸಲಹೆ, ಇದನ್ನು ಹೆಸರು ಮತ್ತು ಶೀರ್ಷಿಕೆಯ ಕಾಲಂಗಳ ಮೇಲೆ ಮಾತ್ರ ಓಡಿಸಿ, ಸಂಖ್ಯೆಯ ಕಾಲಂ ಕಡೆ ಹೋಗಲೇಬೇಡಿ. ಓಡಿಸುವ ಮೊದಲು ಏನೇನು ಬದಲಾಗುತ್ತದೆ ಅಂತ ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಬರೆಸಿ, ಆ ಪುಸ್ತಕಗಳನ್ನು ದಿನಾ ಮುಟ್ಟುವವರಿಗೆ ತೋರಿಸಿ. ಆ ಮೇಡಂ ಹಿಡಿದದ್ದನ್ನು ನಾನು ಇಷ್ಟು ದಿನದಲ್ಲಿ ಹಿಡಿದಿರಲಿಲ್ಲ.

ಮೂರನೆಯದು ಕಣ್ಣಿಗೇ ಕಾಣದ ಅಕ್ಷರ. "ರಾಜ್‌ಕುಮಾರ್" ಅಂತ ಬರೆಯುವಾಗ ಜ ಕೆಳಗೆ ಕ ಒತ್ತು ಬಾರದಿರಲಿ ಅಂತ ಮಧ್ಯೆ `U+200C` ಹಾಕುತ್ತೇವೆ. "ರ‍್ಯಾಂಕ್" ಬರೆಯುವಾಗ ಅರ್ಕಾವತ್ತು ಬಾರದಿರಲಿ ಅಂತ `U+200D` ಹಾಕುತ್ತೇವೆ. ಒಬ್ಬರು ಹಾಕುತ್ತಾರೆ, ಒಬ್ಬರು ಹಾಕುವುದಿಲ್ಲ, ಹುಡುಕುವವರು ಮೊಬೈಲ್‌ನಲ್ಲಿ ಯಾವುದು ಬರುತ್ತೋ ಅದನ್ನೇ ಒತ್ತುತ್ತಾರೆ. ಇದನ್ನೂ NFC ತೆಗೆಯುವುದಿಲ್ಲ. ಹಾಗಂತ ಮೂಲ ಪಠ್ಯದಿಂದ ಇವನ್ನು ಕಿತ್ತುಹಾಕಬೇಡಿ, ದಯವಿಟ್ಟು. ಕಿತ್ತರೆ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾರೆ, ಬರೆದವರ ಬರಹವೇ ಕೆಡುತ್ತದೆ. ಮೂಲ ಹಾಗೇ ಇರಲಿ. ಪಕ್ಕದಲ್ಲಿ ಹುಡುಕಾಟಕ್ಕೇ ಅಂತ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಈ ಎರಡು ಗುರುತು ತೆಗೆದ ರೂಪ ಇಡಿ. ಓದುಗರು ಒತ್ತಿದ ಪದವನ್ನೂ ಅದೇ ರೀತಿ ತೊಳೆದು ಆಮೇಲೆ ಹೋಲಿಸಿ. ಈ ಕೊನೆಯದನ್ನೇ ಜಾಸ್ತಿ ಜನ ಮರೆಯುವುದು. ಒಂದು ಕಡೆ ಮಾತ್ರ ತೊಳೆದರೆ ಮೊದಲಿಗಿಂತ ಕಡಿಮೆ ಫಲಿತಾಂಶ ಬರಬಹುದು. "ರಾಜಕುಮಾರ" ಅಂತ ಬರೆದದ್ದು ಮಾತ್ರ ಆಗಲೂ ಸಿಗುವುದಿಲ್ಲ. ಅದು ಕಾಗುಣಿತದ ವ್ಯತ್ಯಾಸ, ಅದಕ್ಕೆ ಬೇರೆಯೇ ಉಪಾಯ ಬೇಕು, ಆ ಗೋಜಿಗೆ ಈ ಸಲ ಹೋಗಲಿಲ್ಲ.

ಸಂಘಟಕರಿಗೆ ಮನಸಾರೆ ಧನ್ಯವಾದ. ಕನ್ನಡದಲ್ಲೇ ಮಾತಾಡ್ತೀನಿ ಅಂದಾಗ ಯಾರೂ ಯಾಕೆ ಅಂತ ಕೇಳಲಿಲ್ಲ. ಹಿಂದಿನ ದಿನ ಸಂಜೆಯೇ ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ನನ್ನ ಸ್ಲೈಡ್ ತೆರೆದು, ಒತ್ತಕ್ಷರ ಒಡೆದು ಕಾಣ್ತಿದೆ, ಪಿಡಿಎಫ್ ಮಾಡಿ ಕಳಿಸಿ ಅಂತ ಫೋನ್ ಮಾಡಿದ ಹುಡುಗನಿಗೆ ವಿಶೇಷ ಧನ್ಯವಾದ. ಅವನು ನೋಡದಿದ್ದರೆ ಕನ್ನಡ ಅಕ್ಷರಗಳ ಬಗ್ಗೆ ಮಾತು, ತೆರೆ ತುಂಬ ಮುರಿದ ಅಕ್ಷರ ಅಂತಾಗುತ್ತಿತ್ತು. ಪ್ರಶ್ನೆಗಳು ಮುಗಿಯದಿದ್ದಾಗ ಚಹಾ ವಿರಾಮದ ಹತ್ತು ನಿಮಿಷ ಬಿಟ್ಟುಕೊಟ್ಟವರಿಗೂ ಧನ್ಯವಾದ. ಕ೦೪೫ ಪ್ರಶ್ನೆ ಬಂದದ್ದು ಆ ಹತ್ತು ನಿಮಿಷದಲ್ಲೇ.

ಲಿಂಕ್‌ನಲ್ಲಿರುವುದು ತಿದ್ದಿದ ಸ್ಲೈಡ್‌ಗಳು. ಶನಿವಾರವೇ ಇಳಿಸಿಕೊಂಡವರು ಮತ್ತೊಮ್ಮೆ ಇಳಿಸಿಕೊಳ್ಳಿ, ಹಳೆಯದರಲ್ಲಿ ಆ ಷರತ್ತು ಇಲ್ಲ.